ರೀಫಂಡ್ ಬಂತು ಅಂದರು, ಖಾತೆಗೆ ಬರಲಿಲ್ಲ

(ನಮ್ಮ ತಾಲ್ಲೂಕಿನ ನಿವೃತ್ತ ನೌಕರರ ಸಭೆಯಲ್ಲಿ ಮಾತಾಡಿದ್ದು. ಆಮೇಲೆ ಕೆಲವರು ಬರೆದು ಕಳಿಸಿ ಅಂದರು. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಇಪ್ಪತ್ತು ವರ್ಷದಿಂದ ರಿಟರ್ನ್ ಹಾಕಿಕೊಡುವ ಕೆಲಸ ಮಾಡುತ್ತಿದ್ದೇನೆ. ಟ್ಯಾಕ್ಸ್ ಉಳಿಸುವುದು ಹೇಗೆ ಅಂತ ಇವತ್ತು ಹೇಳುವುದಿಲ್ಲ, ಅದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮಗೆ ಬರಬೇಕಾದ ರೀಫಂಡ್ ದುಡ್ಡು, ಆದಾಯ ತೆರಿಗೆ ಇಲಾಖೆಯೇ ಒಪ್ಪಿ ಕಳಿಸಿದ ದುಡ್ಡು, ನಿಮ್ಮ ಖಾತೆ ಬಾಗಿಲವರೆಗೂ ಬಂದು ವಾಪಸ್ ಹೋಗುವುದು ಯಾಕೆ ಅನ್ನುವುದಷ್ಟೇ ಇವತ್ತಿನ ವಿಷಯ.

2024ರ ಸೆಪ್ಟೆಂಬರ್‌ನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬಂದರು. ಕೈಯಲ್ಲಿ ಪಾಸ್‌ಬುಕ್, ಮುಖದಲ್ಲಿ ಕೋಪ. ಪಿಂಚಣಿ ವರ್ಷಕ್ಕೆ ನಾಲ್ಕೂವರೆ ಲಕ್ಷ. ಜೊತೆಗೆ ಠೇವಣಿ ಬಡ್ಡಿ 1,84,000 ರೂಪಾಯಿ, ಅದರ ಮೇಲೆ ಬ್ಯಾಂಕಿನವರು ಶೇಕಡಾ 10ರಂತೆ 18,400 ಟಿಡಿಎಸ್ ಹಿಡಿದಿದ್ದರು. ಟಿಡಿಎಸ್ ಹಿಡಿಯಬೇಡಿ ಅಂತ ಬ್ಯಾಂಕಿಗೆ ಕೊಡುವ ಫಾರ್ಮ್ 15ಎಚ್ ಕೊಡಲು ಮರೆತಿದ್ದರು ಇವರು, ಅದು ಬೇರೆ ಕಥೆ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ ಆದಾಯ 5,84,000. ಹೊಸ ಪದ್ಧತಿಯಲ್ಲಿ ಆ ವರ್ಷ ಏಳು ಲಕ್ಷದವರೆಗೆ ರಿಬೇಟ್ ಇತ್ತು, ಹಾಗಾಗಿ ತೆರಿಗೆ ಸೊನ್ನೆ. ಅಂದರೆ ಹಿಡಿದ ಅಷ್ಟೂ ದುಡ್ಡು ವಾಪಸ್ ಬರಬೇಕು. ಮೇಷ್ಟ್ರ ಅಣ್ಣನ ಮಗ ಜುಲೈ 20ಕ್ಕೇ ರಿಟರ್ನ್ ಹಾಕಿದ್ದ, ಅಂದೇ ಇ-ವೆರಿಫೈ ಕೂಡ ಮಾಡಿದ್ದ. ಆಗಸ್ಟಿನಲ್ಲಿ, ಲೆಕ್ಕ ನೋಡಿದ ಮೇಲೆ ಇಲಾಖೆ ಕಳಿಸುವ 143(1) ಇಂಟಿಮೇಷನ್ ಬಂತು. ಅದರಲ್ಲಿ 18,860 ರೂಪಾಯಿ ರೀಫಂಡ್ ಅಂತ ಚೊಕ್ಕವಾಗಿ ಇದೆ.

"ಸರ್ಕಾರ ಕಳಿಸಿದೀನಿ ಅಂತಿದೆ, ಬ್ಯಾಂಕಿನವರು ನಮಗೇನೂ ಬಂದಿಲ್ಲ ಅಂತಿದಾರೆ. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?" ಅಂದರು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದು ಗೊತ್ತಾಗಬೇಕಾದರೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಅಂತ ಸ್ವಲ್ಪ ನೋಡಬೇಕು. ಇಡೀ ದೇಶದ ರಿಟರ್ನ್‌ಗಳ ಲೆಕ್ಕ ಆಗುವುದು ನಮ್ಮ ಬೆಂಗಳೂರಿನ ಸಿಪಿಸಿಯಲ್ಲಿ. ಅಲ್ಲಿ ಲೆಕ್ಕ ಸರಿ ಅಂತ ಆದ ಮೇಲೆ ರೀಫಂಡ್ ಪಟ್ಟಿ ಸ್ಟೇಟ್ ಬ್ಯಾಂಕಿಗೆ ಹೋಗುತ್ತದೆ, ಯಾಕೆಂದರೆ ಇಲಾಖೆಯ ಪರವಾಗಿ ರೀಫಂಡ್ ಹಂಚುವ ಬ್ಯಾಂಕ್ ಅದು. ಅಲ್ಲಿಂದ ನಿಮ್ಮ ಬ್ಯಾಂಕಿನ ನಿಮ್ಮ ಖಾತೆಗೆ. ಈ ಕೊನೆಯ ಹೆಜ್ಜೆಯಲ್ಲಿ ಖಾತೆ ಒಪ್ಪಲಿಲ್ಲ ಅಂದರೆ ದುಡ್ಡು ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ನಿಮ್ಮ ಶಾಖೆಯ ಕೌಂಟರಿನಲ್ಲಿ ಕೂತವರಿಗೆ ಅದರ ಸುಳಿವೂ ಇರುವುದಿಲ್ಲ. ಮೊದಲೆಲ್ಲ ಚೆಕ್ ಮನೆಗೆ ಬರುತ್ತಿತ್ತು, ನೆನಪಿದೆಯಲ್ಲ? 2019ರ ಮಾರ್ಚ್ 1ರಿಂದ ಅದು ನಿಂತಿತು. ಈಗ ಪ್ಯಾನ್ ಜೋಡಿಸಿರುವ, ನಿಮ್ಮದೇ ಅಂತ ಪೋರ್ಟಲಿನಲ್ಲಿ ಮೊದಲೇ ವ್ಯಾಲಿಡೇಟ್ ಆಗಿರುವ ಖಾತೆಗೆ ಮಾತ್ರ ದುಡ್ಡು ಬರುತ್ತದೆ.

ಹಾಗಾಗಿ ಮೊದಲ ಕೆಲಸ ಬ್ಯಾಂಕಿಗೆ ಓಡುವುದಲ್ಲ. ದುಡ್ಡು ಎಲ್ಲಿ ನಿಂತಿದೆ ಅಂತ ನೋಡುವುದು. ಇ-ಫೈಲಿಂಗ್ ಪೋರ್ಟಲಿಗೆ ಲಾಗಿನ್ ಆಗಿ `e-File`, `Income Tax Returns`, `View Filed Returns` ಅಂತ ಹೋಗಿ ಆ ವರ್ಷದ ವಿವರ ತೆರೆಯಿರಿ. ರಿಟರ್ನ್ ಇನ್ನೂ ಪ್ರೊಸೆಸ್ಸೇ ಆಗಿಲ್ಲ ಅಂತಿದ್ದರೆ ಖಾತೆಯದ್ದೇನೂ ತಪ್ಪಿಲ್ಲ, ಕಾಯಬೇಕು. ಹಳೆ ಬಾಕಿಗೆ ಹೊಂದಿಸಿಕೊಂಡಿದ್ದೇವೆ ಅಂತಿದ್ದರೆ ಆ ಬಾಕಿ ನಿಜವೋ ಅಲ್ಲವೋ ಅಂತ ಬೇರೆ ಜಗಳ ಇದೆ, ಅದಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲ. ರೀಫಂಡ್ ಫೇಲ್ ಆಗಿದೆ ಅಂತಿದ್ದರೆ ಮಾತ್ರ ಇವತ್ತು ನಾನು ಹೇಳುವ ವಿಷಯ ನಿಮಗೆ ಬೇಕು.

ಇನ್ನೊಂದು ಗುಂಪು ಇದೆ. ದುಡ್ಡು ಬಂದೇ ಇರುತ್ತದೆ, ಇವರು ನೋಡಿರುವುದಿಲ್ಲ! ಮನೆಯಲ್ಲಿ ಮೂರು ಖಾತೆ ಇರುತ್ತವೆ, ದಿನಾ ನೋಡುವುದು ಒಂದನ್ನೇ. ಸ್ಟೇಟ್‌ಮೆಂಟಿನಲ್ಲಿ `ITDTAX REFUND` ಅಂತ, ಪಕ್ಕದಲ್ಲಿ ಅಸೆಸ್‌ಮೆಂಟ್ ವರ್ಷ ಇರುವ ಸಾಲು ಇದೆಯಾ ಅಂತ ಎಲ್ಲ ಖಾತೆಯಲ್ಲೂ ಹುಡುಕಿ. ಫಾರ್ಮ್ 26ಎಎಸ್‌ನಲ್ಲೂ ಪಾವತಿಯಾದ ರೀಫಂಡಿನ ವಿವರ ಇರುತ್ತದೆ. ನನ್ನ ಹತ್ತಿರ ಜಗಳಕ್ಕೇ ಬಂದವರೊಬ್ಬರು ಹೀಗೆ ಹುಡುಕಿದ ಮೇಲೆ ಸುಮ್ನೆ ನಕ್ಕು ಹೋದರು.

ಮೇಷ್ಟ್ರ ಪೋರ್ಟಲ್ ತೆರೆದೆವು. ರೀಫಂಡ್ ಫೇಲ್ ಅಂತಲೇ ಇತ್ತು. ಯಾವ ಖಾತೆಗೆ ಹೋಗಿತ್ತು ಅಂತ ನೋಡಿದರೆ ಅವರ ಪಿಂಚಣಿ ಖಾತೆಗಲ್ಲ. ಸ್ವಂತ ಊರಿನಲ್ಲಿ, ಎಷ್ಟೋ ವರ್ಷದ ಹಿಂದೆ ತೆಗೆದ ಒಂದು ಉಳಿತಾಯ ಖಾತೆಗೆ. ರಿಟರ್ನ್ ತುಂಬುವಾಗ ಹಳೆ ಖಾತೆಗಳು ತಾವಾಗಿಯೇ ಬಂದು ಕೂರುತ್ತವೆ. ಅಣ್ಣನ ಮಗ ಯಾವುದಕ್ಕೆ ಟಿಕ್ ಇದೆ ಅಂತ ನೋಡದೆ ಮುಂದೆ ಒತ್ತಿದ್ದ.

ಇಲ್ಲಿ ಒಬ್ಬರು ಕೇಳಿದರು: "ಹಾಗಾದ್ರೆ ರಿಟರ್ನ್ ಮತ್ತೆ ಹಾಕಬೇಕಾ?" ಬೇಡ. ಖಾತೆ ಬದಲಿಸುವುದಕ್ಕೋಸ್ಕರ ರಿವೈಸ್ಡ್ ರಿಟರ್ನ್ ಹಾಕಿಸಿ ಐನೂರು, ಸಾವಿರ ತೆಗೆದುಕೊಳ್ಳುವವರು ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲದಿದ್ದರೆ ರಿಟರ್ನ್ ಮುಟ್ಟಲೇಬೇಡಿ. ಖಾತೆ ಸರಿ ಮಾಡಿ, ಆಮೇಲೆ ರೀಫಂಡ್ ಮತ್ತೆ ಕಳಿಸಿ ಅಂತ ಅರ್ಜಿ ಹಾಕಿ. ಎರಡೇ ಕೆಲಸ. ಇದರಲ್ಲಿ ಜನ ಒದ್ದಾಡುವುದು ಮೊದಲನೆಯದರಲ್ಲಿ.

ಪೋರ್ಟಲಿನಲ್ಲಿ ಮೇಲೆ ಬಲಗಡೆ ನಿಮ್ಮ ಹೆಸರು ಒತ್ತಿದರೆ `My Profile` ಸಿಗುತ್ತದೆ, ಅದರೊಳಗೆ `My Bank Account`. ಅಲ್ಲಿ ನೀವು ಸೇರಿಸಿದ ಖಾತೆಗಳು ಒಂದು ಕಡೆ, ಫೇಲಾದ ಖಾತೆಗಳು ಇನ್ನೊಂದು ಕಡೆ, ತೆಗೆದುಹಾಕಿದವು ಮತ್ತೊಂದು ಕಡೆ ಇರುತ್ತವೆ. ಹೆಚ್ಚಿನವರು ಮೊದಲನೆಯದನ್ನು ನೋಡಿ ಖಾಲಿ ಇದೆ ಅಂತ ಗಾಬರಿಯಾಗುತ್ತಾರೆ, ಪಕ್ಕದಲ್ಲಿ ಫೇಲಾದದ್ದು ಇರುವುದನ್ನು ನೋಡುವುದೇ ಇಲ್ಲ. ಮೇಷ್ಟ್ರ ಖಾತೆ ಅಲ್ಲೇ ಬಿದ್ದಿತ್ತು. ಅದರ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಕೋಡ್, ನೋಡಿದ ಕೂಡಲೇ ಅರ್ಧ ಕಥೆ ಗೊತ್ತಾಯಿತು. ಅವರ ಬ್ಯಾಂಕು ಇನ್ನೊಂದು ಬ್ಯಾಂಕಿನ ಜೊತೆ ವಿಲೀನವಾಗಿ ವರ್ಷಗಳೇ ಆಗಿದ್ದವು, ಪೋರ್ಟಲಿನಲ್ಲಿ ಮಾತ್ರ ಹಳೆ ಬ್ಯಾಂಕಿನ ಕೋಡ್ ಹಾಗೇ ಉಳಿದಿತ್ತು.

ಇದು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿಯೇ ತಟ್ಟಿದೆ. ಯಾಕೆಂದರೆ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳೇ ಒಂದೊಂದಾಗಿ ಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. 2025ರ ಮೇ 1ರಂದು ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದಾದವು. ಖಾತೆ ಸಂಖ್ಯೆ ಅದೇ ಉಳಿದರೂ ಕೋಡ್ ಬದಲಾಗಬಹುದು. ಉದಾಹರಣೆಗೆ ಸಿಂಡಿಕೇಟಿನ `SYNB` ಅಂತ ಶುರುವಾಗುವ ಕೋಡುಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ, ಅವೆಲ್ಲ `CNRB` ಆದವು, ಹಿಂದಿನ ಸಂಖ್ಯೆಗೆ 10000 ಕೂಡಿಸಿ:

```
ಹಳೆಯದು:  SYNB0003687
ಹೊಸದು:   CNRB0013687
```

ಎಟಿಎಂ ನಡೆಯುತ್ತದೆ, ಶಾಖೆಯಲ್ಲಿ ದುಡ್ಡು ತೆಗೆಯಬಹುದು, ಹಾಗಾಗಿ ಖಾತೆ ಚೆನ್ನಾಗೇ ಇದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೊರಗಿನಿಂದ ಬರುವ ದುಡ್ಡಿಗೆ ಮಾತ್ರ ವಿಳಾಸ ತಪ್ಪಾಗಿರುತ್ತದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ಹೊಸ ಚೆಕ್ ಹಾಳೆ ನೋಡಿದರೆ ಸಾಕು.

ಸರಿ, ಹೊಸ ಕೋಡ್ ಹಾಕಿ ಮತ್ತೆ ವ್ಯಾಲಿಡೇಷನ್‌ಗೆ ಕಳಿಸಿದೆವು. ಪೋರ್ಟಲ್ ಕೇಳುವುದು ಕಡಿಮೆ: ಖಾತೆ ಸಂಖ್ಯೆ, ಉಳಿತಾಯವೋ ಚಾಲ್ತಿಯೋ ಅಂತ ಖಾತೆಯ ಬಗೆ, ಖಾತೆ ಒಬ್ಬರದ್ದೋ ಜಂಟಿಯೋ, ಐಎಫ್‌ಎಸ್‌ಸಿ. ಕೋಡ್ ಹಾಕಿದರೆ ಬ್ಯಾಂಕು, ಶಾಖೆ ತಾನೇ ಬರುತ್ತದೆ. ಬಂದ ಶಾಖೆ ನಿಮ್ಮದೇನಾ ಅಂತ ಅಲ್ಲೇ ಓದಿ ನೋಡಿ, ಒಂದು ಅಂಕಿ ತಪ್ಪಾದರೂ ಯಾವುದೋ ಊರು ಬರುತ್ತದೆ. ಇನ್ನೊಂದು ವಿಷಯ, ಪಿಪಿಎಫ್ ಖಾತೆ, ಸಾಲದ ಖಾತೆ ಇದಕ್ಕೆ ನಡೆಯುವುದಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಫೇಲ್! ಮೇಷ್ಟ್ರಿಗೆ ಈಗ ನನ್ನ ಮೇಲೇ ಅನುಮಾನ. ಈ ಸಲ ಕಾರಣ ಬೇರೆ. ಖಾತೆಗೆ ಪ್ಯಾನ್ ಜೋಡಣೆಯಾಗಿಲ್ಲ.

ವ್ಯಾಲಿಡೇಷನ್ ಅಂದರೆ ಏನು ನಡೆಯುತ್ತದೆ ಅಂತ ಇಲ್ಲಿ ಹೇಳಿಬಿಡುತ್ತೇನೆ. ಪೋರ್ಟಲ್ ನಿಮ್ಮ ಪ್ಯಾನ್, ಪ್ಯಾನಿನಲ್ಲಿರುವ ಹೆಸರು, ಖಾತೆ ಸಂಖ್ಯೆ ಇವನ್ನು ನಿಮ್ಮ ಬ್ಯಾಂಕಿಗೆ ಕಳಿಸಿ "ಈ ಖಾತೆ ಇವರದ್ದೇನಾ?" ಅಂತ ಕೇಳುತ್ತದೆ. ಬ್ಯಾಂಕಿನ ಕಂಪ್ಯೂಟರ್ ತನ್ನ ಕಡತದಲ್ಲಿ ಇರುವುದಕ್ಕೆ ತಾಳೆ ನೋಡಿ ಹೌದು ಅಥವಾ ಅಲ್ಲ ಅನ್ನುತ್ತದೆ. ಅಷ್ಟೇ. ಇದರಲ್ಲಿ ಇಲಾಖೆಯ ಅಧಿಕಾರಿ ಯಾರೂ ಕೂತಿರುವುದಿಲ್ಲ, ಕೈಕಾಲು ಹಿಡಿಯಲು. ಮೇಷ್ಟ್ರು ಆ ಖಾತೆ ತೆಗೆದ ಕಾಲದಲ್ಲಿ ಪ್ಯಾನ್ ಬದಲು ಫಾರ್ಮ್ 60 ತುಂಬಿಕೊಟ್ಟಿದ್ದರು. ಅದು ಹಾಗೇ ಮುಂದುವರಿದಿತ್ತು. ಠೇವಣಿ ಇದ್ದದ್ದು ಬೇರೆ ಬ್ಯಾಂಕಿನಲ್ಲಿ, ಅಲ್ಲಿ ಪ್ಯಾನ್ ಇತ್ತು, ಅದಕ್ಕೇ ಟಿಡಿಎಸ್ ಸರಿಯಾಗಿ ಹಿಡಿದಿದ್ದರು. "ನನ್ನ ಪ್ಯಾನ್ ಬ್ಯಾಂಕಲ್ಲಿ ಕೊಟ್ಟಿದೀನಿ" ಅಂತ ಅವರು ಹೇಳುತ್ತಿದ್ದದ್ದೂ ನಿಜವೇ, ಆದರೆ ಈ ಬ್ಯಾಂಕಲ್ಲಿ ಅಲ್ಲ.

ಅವರನ್ನು ಶಾಖೆಗೆ ಕಳಿಸುವ ಮೊದಲು ನಾನು ಪ್ಯಾನ್ ಕಾರ್ಡು, ಪಾಸ್‌ಬುಕ್ಕು ಎರಡೂ ಪಕ್ಕಪಕ್ಕ ಇಟ್ಟು ನೋಡಿದೆ. ಒಳ್ಳೇದಾಯಿತು. ಮೂರನೇ ತಪ್ಪು ಅಲ್ಲಿ ಕಾದು ಕೂತಿತ್ತು.

ಇನಿಷಿಯಲ್! ನಮ್ಮ ದೊಡ್ಡ ತಲೆನೋವು ಇದು. ಅವರ ಹೆಸರು ಹೇಳುವುದು ಬೇಡ, ಒಂದು ಹೆಸರು ಸುಮ್ನೆ ಅಂದುಕೊಳ್ಳಿ. ಪಾಸ್‌ಬುಕ್ಕಿನಲ್ಲಿ `K S MANJUNATHA` ಅಂತಿದೆ. ಪ್ಯಾನಿನಲ್ಲಿ `MANJUNATH SIDDAPPA KALLUR` ಅಂತಿದೆ. ನಮಗೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಕೆ ಅಂದರೆ ಊರು, ಎಸ್ ಅಂದರೆ ಅಪ್ಪ. ಯಂತ್ರಕ್ಕೆ ಇದು ಎರಡು ಬೇರೆ ಮನುಷ್ಯರ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಲೇಬೇಕು, ಹಾಗಾಗಿ ಅಲ್ಲಿ ಪೂರ್ತಿ ಹೆಸರಾಗುತ್ತದೆ. ಬ್ಯಾಂಕಿನಲ್ಲಿ ನಾವು ಸಹಿ ಹಾಕುವ ಹಾಗೇ ಚಿಕ್ಕದಾಗಿ ಬರೆಸಿರುತ್ತೇವೆ. ಮಂಜುನಾಥ ಅನ್ನುವುದರ ಕೊನೆಗೆ ಒಂದು `A` ಇರಬೇಕಾ ಬೇಡವಾ ಅನ್ನುವುದರಲ್ಲೂ ನಮ್ಮಲ್ಲಿ ಒಬ್ಬೊಬ್ಬ ಗುಮಾಸ್ತರದ್ದು ಒಂದೊಂದು ಅಭಿಪ್ರಾಯ, ಅಲ್ವಾ? ಒಂದು ಅಕ್ಷರದ ವ್ಯತ್ಯಾಸವನ್ನು ಕೆಲವು ಸಲ ಒಪ್ಪಿಕೊಂಡದ್ದನ್ನೂ ನೋಡಿದ್ದೇನೆ, ಒಪ್ಪದ್ದನ್ನೂ ನೋಡಿದ್ದೇನೆ. ಅದೃಷ್ಟ ನಂಬಿ ಕೂರುವ ಬದಲು ಸರಿ ಮಾಡಿಸುವುದೇ ವಾಸಿ.

ಆಗ ಪ್ರಶ್ನೆ ಬರುತ್ತದೆ, ಯಾವುದನ್ನು ಬದಲಿಸಬೇಕು, ಪ್ಯಾನಾ ಬ್ಯಾಂಕಾ? ನಾನು ಹೇಳುವುದು ಹೀಗೆ. ಆಧಾರ್ ನೋಡಿ. ಪ್ಯಾನೂ ಆಧಾರೂ ಒಂದೇ ಥರ ಇದ್ದರೆ ಬ್ಯಾಂಕಿನ ಹೆಸರನ್ನೇ ಬದಲಿಸಿ. ಪೋರ್ಟಲ್ ಹೆಸರು ತೆಗೆದುಕೊಳ್ಳುವುದು ಪ್ಯಾನಿನಿಂದ, ಪ್ಯಾನ್ ಜೋಡಿಸಿರುವುದು ಆಧಾರಿಗೆ. ಅಲ್ಲಿ ಕೈ ಹಾಕಿದರೆ ಒಂದು ಸರಿ ಮಾಡಲು ಹೋಗಿ ಇನ್ನೊಂದು ಕೆಡುತ್ತದೆ. ಪ್ಯಾನಿನಲ್ಲೇ ಹೆಸರು ನಿಜಕ್ಕೂ ತಪ್ಪಾಗಿದ್ದರೆ ಮಾತ್ರ ಪ್ಯಾನ್ ತಿದ್ದುಪಡಿ ಅರ್ಜಿ ಹಾಕಿ.

ಮೇಷ್ಟ್ರದ್ದು ಆಧಾರ್, ಪ್ಯಾನ್ ಎರಡೂ ಒಂದೇ ಇತ್ತು. ಒಂದು ಹಾಳೆಯಲ್ಲಿ ಅರ್ಜಿ ಬರೆದೆವು: ಖಾತೆಯಲ್ಲಿ ನನ್ನ ಹೆಸರನ್ನು ಪ್ಯಾನಿನಲ್ಲಿರುವಂತೆ ಬದಲಿಸಿ, ಪ್ಯಾನ್ ಸಂಖ್ಯೆ ಸೇರಿಸಿ, ಮೊಬೈಲ್ ಸಂಖ್ಯೆ ಇದು ಅಂತ. ಜೊತೆಗೆ ಕೆವೈಸಿ ಫಾರ್ಮು, ಪ್ಯಾನ್ ಆಧಾರ್ ನಕಲು. ನಾನು ಒಂದೇ ಮಾತು ಹೇಳಿ ಕಳಿಸಿದೆ. "ಆಯ್ತು ಹೋಗಿ" ಅಂದ ಕೂಡಲೇ ಬರಬೇಡಿ. ಕಂಪ್ಯೂಟರಿನಲ್ಲಿ ಏರಿಸಿದ ಮೇಲೆ ಪಾಸ್‌ಬುಕ್ಕಿನ ಮೊದಲ ಪುಟ ಮತ್ತೆ ಪ್ರಿಂಟ್ ಹಾಕಿಸಿ ಅಲ್ಲಿ ಹೆಸರು ಓದಿ. ಅರ್ಜಿ ಟೇಬಲಿನ ಮೇಲೆ ಇರುವುದಕ್ಕೂ ಕಡತಕ್ಕೆ ಏರುವುದಕ್ಕೂ ನಡುವೆ ಕೆಲವು ಸಲ ವಾರಗಳೇ ಹೋಗುತ್ತವೆ. ಅಷ್ಟರಲ್ಲಿ ಪೋರ್ಟಲಿನಲ್ಲಿ ದಿನಕ್ಕೊಂದು ಸಲ ಒತ್ತಿದರೆ ದಿನಕ್ಕೊಂದು ಸಲ ಫೇಲಾಗುತ್ತದೆ.

ಹತ್ತು ದಿನ ಬಿಟ್ಟು ಹೊಸ ಪಾಸ್‌ಬುಕ್ ಹಿಡಿದು ಬಂದರು. ಫೇಲಾದ ಖಾತೆಯ ಎದುರು `Re-Validate` ಒತ್ತಿದೆವು. ಈ ಸಲ ವ್ಯಾಲಿಡೇಟ್ ಆಯಿತು. ಎಲ್ಲರಿಗೂ ಬೇಗ ಆಗುತ್ತದೆ ಅಂತಲ್ಲ, ಹತ್ತು ಹನ್ನೆರಡು ಕೆಲಸದ ದಿನ ಹಿಡಿಯಬಹುದು ಅಂತ ಇಲಾಖೆಯೇ ಹೇಳುತ್ತದೆ. ಆದ ಮೇಲೆ ಅದೇ ಜಾಗದಲ್ಲಿ `Nominate for Refund` ಅನ್ನುವ ಗುಂಡಿ ಇದೆ, ಅದನ್ನು ಆನ್ ಮಾಡಬೇಕು. ಖಾತೆ ವ್ಯಾಲಿಡೇಟ್ ಮಾಡಿ ಇದನ್ನು ಮರೆಯುವವರು ಬಹಳ.

ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು, "ನಂದು ವ್ಯಾಲಿಡೇಟ್ ಆಗಿದೆ, ಆದ್ರೆ ಇವಿಸಿ ಆಗಿಲ್ಲ ಅಂತಿದೆ, ದುಡ್ಡು ಬರಲ್ವಾ?" ಬರುತ್ತದೆ ಅಮ್ಮ. ಇವಿಸಿ ಅಂದರೆ ಆ ಖಾತೆಯ ಮೂಲಕ ನಿಮ್ಮ ರಿಟರ್ನ್ ವೆರಿಫೈ ಮಾಡುವ ಸೌಲಭ್ಯ. ಬ್ಯಾಂಕಿನಲ್ಲಿರುವ ಮೊಬೈಲೂ ಪೋರ್ಟಲಿನಲ್ಲಿರುವ ಮೊಬೈಲೂ ಬೇರೆ ಆದರೆ ಅದು ಆಗುವುದಿಲ್ಲ. ಆಧಾರ್ ಒಟಿಪಿ ಬರುತ್ತಿದ್ದರೆ ಅದರ ಚಿಂತೆ ಬೇಡ.

ಇನ್ನು ಎರಡನೇ ಕೆಲಸ. ಮೇಲೆ `Services` ಒಳಗೆ `Refund Reissue` ಇದೆ. ಅಲ್ಲಿ ಹೊಸ ರಿಕ್ವೆಸ್ಟ್ ಅಂತ ಒತ್ತಿದರೆ ಯಾವ ವರ್ಷದ ರೀಫಂಡ್ ಫೇಲಾಗಿದೆ ಅಂತ ಸಾಲು ಬರುತ್ತದೆ, ಫೇಲಾದ ಕಾರಣವೂ ಜೊತೆಗಿರುತ್ತದೆ. ಅದನ್ನು ಆರಿಸಿ, ವ್ಯಾಲಿಡೇಟ್ ಆದ ಖಾತೆ ಆರಿಸಿ, ಆಧಾರ್ ಒಟಿಪಿಯಿಂದ ವೆರಿಫೈ ಮಾಡಿ. ಐದು ನಿಮಿಷದ ಕೆಲಸ. ವೆರಿಫೈ ಮಾಡದೆ ಬಿಟ್ಟರೆ ಅರ್ಜಿ ಹೋಗಿಯೇ ಇರುವುದಿಲ್ಲ. ಅಲ್ಲಿ ನಿಮ್ಮ ವರ್ಷ ಕಾಣಿಸುತ್ತಿಲ್ಲ ಅಂದರೆ ರೀಫಂಡ್ ಫೇಲ್ ಅಂತ ಇನ್ನೂ ದಾಖಲಾಗಿಲ್ಲ ಅಂತ ತಿಳಿಯಿರಿ. ತುಂಬ ದಿನ ಹಾಗೇ ಇದ್ದರೆ ಪೋರ್ಟಲಿನ `Grievances` ನಲ್ಲಿ ದೂರು ಹಾಕಿ, ಅಥವಾ ಸಿಪಿಸಿಗೆ 1800 103 0025ಗೆ ಫೋನ್ ಮಾಡಿ.

ಖಾತೆ ಎಲ್ಲ ಸರಿ ಇದ್ದೂ ರೀಫಂಡ್ ನಿಲ್ಲುವ ಒಂದು ಕಾರಣ ಇದೆ. ಆಧಾರಿಗೆ ಜೋಡಿಸದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥ ಪ್ಯಾನಿಗೆ ರೀಫಂಡ್ ಬರುವುದಿಲ್ಲ, ನಿಷ್ಕ್ರಿಯವಾಗಿದ್ದ ಅವಧಿಗೆ ಬಡ್ಡಿಯೂ ಇಲ್ಲ. ತಡವಾಗಿ ಜೋಡಿಸುವವರು ಸಾವಿರ ರೂಪಾಯಿ ಕಟ್ಟಿ ಜೋಡಿಸಬೇಕು, ಮತ್ತೆ ಚಾಲ್ತಿಗೆ ಬರಲು ಮೂವತ್ತು ದಿನದವರೆಗೆ ಹಿಡಿಯಬಹುದು. ಖಾತೆಯ ಜೊತೆ ಗುದ್ದಾಡುವ ಮೊದಲು ಇದನ್ನೊಂದು ನೋಡಿಬಿಡಿ.

ಮಕ್ಕಳು ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿ ನೆಲೆಸಿದ ಮೇಲೆ ಅವರ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿರುತ್ತಾರೆ, ಪೋರ್ಟಲಿನಲ್ಲಿ ಮಾತ್ರ ಇನ್ನೂ ಉಳಿತಾಯ ಅಂತಲೇ ಇರುತ್ತದೆ. ಎನ್‌ಆರ್‌ಒ ಖಾತೆಗೆ ರೀಫಂಡ್ ಪಡೆಯಬಹುದು, ಬಗೆಯನ್ನು ಸರಿಯಾಗಿ ಆರಿಸಿ ಮತ್ತೆ ವ್ಯಾಲಿಡೇಟ್ ಮಾಡಬೇಕು ಅಷ್ಟೇ.

ಮಾತಿನ ಮಧ್ಯೆ ಒಬ್ಬರು ಮೊಬೈಲ್ ಎತ್ತಿ ತೋರಿಸಿದರು. ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಖಾತೆ ಸಂಖ್ಯೆ ತಪ್ಪಾಗಿದ್ದರೆ ಕೆಳಗಿನ ಲಿಂಕ್ ಒತ್ತಿ ಸರಿಪಡಿಸಿ ಅಂತ ಮೆಸೇಜು. ಇವರು ರಿಟರ್ನೇ ಹಾಕಿಲ್ಲ! ಖಾತೆ ಬದಲಿಸುವುದು ನೀವೇ `incometax.gov.in` ಅಂತ ಟೈಪ್ ಮಾಡಿ ಲಾಗಿನ್ ಆಗಿ, ನಾನು ಈಗ ಹೇಳಿದ ಜಾಗದಲ್ಲಿ ಮಾತ್ರ. ಬಂದ ಲಿಂಕಿನಲ್ಲಿ ಅಲ್ಲ. ರೀಫಂಡಿಗೆ ಅಂತ ಕಾರ್ಡಿನ ಪಿನ್ ಯಾರೂ ಕೇಳುವುದಿಲ್ಲ.

ಮೇಷ್ಟ್ರಿಗೆ ಅರ್ಜಿ ಹಾಕಿದ ಮೂರನೇ ವಾರ ದುಡ್ಡು ಬಂತು. 18,860. ಬಂದ ದಿನ ಫೋನ್ ಮಾಡಿ ಮತ್ತೊಂದು ತಕರಾರು ತೆಗೆದರು. ಆಗಸ್ಟಿನಿಂದ ಇಲ್ಲಿಯವರೆಗೆ ತಡವಾಗಿದೆಯಲ್ಲ, ಅದಕ್ಕೆ ಬಡ್ಡಿ ಎಲ್ಲಿ?

ಲೆಕ್ಕ ಹೇಳಿದೆ. ಹಿಡಿದದ್ದು 18,400. ಅದಕ್ಕೆ ತಿಂಗಳಿಗೆ ಶೇಕಡಾ ಅರ್ಧದಂತೆ, ಏಪ್ರಿಲಿನಿಂದ ಆಗಸ್ಟಿನವರೆಗೆ ಐದು ತಿಂಗಳಿಗೆ 460 ರೂಪಾಯಿ ಮೊದಲೇ ಸೇರಿಸಿ ಕೊಟ್ಟಿದ್ದಾರೆ. ಆಮೇಲಿನ ತಡಕ್ಕೆ ಕಾರಣ ನಮ್ಮ ಖಾತೆ, ನಮ್ಮಿಂದಾದ ತಡಕ್ಕೆ ಬಡ್ಡಿ ಸಿಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಬಿಡಿ" ಅಂದರು. ಆ 460 ರೂಪಾಯಿಯನ್ನು ಮುಂದಿನ ರಿಟರ್ನಿನಲ್ಲಿ ಇತರ ಆದಾಯ ಅಂತ ತೋರಿಸಬೇಕು ಅಂದದ್ದಕ್ಕೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ.